ಹೊಸಬರಿಗೆ ಹೇಳುವಾಗ ಎಲ್ಲದಕ್ಕೂ ಒಂದೇ 'ಬೇಕು' ಬೇಡ

ಮೊನ್ನೆ ಗುಂಪಿನಲ್ಲಿ ಒಬ್ಬ ತಮ್ಮ ಕೇಳಿದ್ದ. ಹೆಂಡತಿ, ಇಬ್ಬರು ಮಕ್ಕಳ ಜೊತೆ ಜರ್ಮನಿಗೆ ಬರ್ತಿದ್ದೇನೆ, ಏನೇನು ಮಾಡಬೇಕು ಅಂತ. ಉತ್ತರಗಳು ಧಾರಾಳವಾಗಿ ಬಂದವು. ವಿಳಾಸ ನೋಂದಾಯಿಸಬೇಕು, ಕುಕ್ಕರ್ ತರಬೇಕು, ದಡಾರ ಲಸಿಕೆ ಆಗಿರಬೇಕು, ಮನೆಯಲ್ಲಿ ಜರ್ಮನ್ ಮಾತಾಡಬೇಕು. ಇದರಲ್ಲಿ ಕಾನೂನು ಯಾವುದು, ಕುಕ್ಕರ್ ಯಾವುದು ಅಂತ ಪಾಪ ಅವನಿಗೆ ಹೇಗೆ ಗೊತ್ತಾಗುತ್ತೆ?

ನಮ್ಮ ಭಾಷೆಯಲ್ಲಿ ಬೇರೆ ಬೇರೆ ಮಾತು ಇದೆಯಲ್ವಾ, ಅದನ್ನೇ ಬಳಸೋಣ. ತಪ್ಪಿದರೆ ದಂಡ ಬೀಳುವ ಕೆಲಸಕ್ಕೆ 'ಮಾಡಲೇಬೇಕು' ಅನ್ನಿ. ಮನೆಗೆ ಬಂದು ಎರಡು ವಾರದೊಳಗೆ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್, ಮಾಡಿಸಲೇಬೇಕು. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ಕಾಗದ ಬೇಕು; ಬಾಡಿಗೆ ಕರಾರು ಮಾತ್ರ ತೋರಿಸಿದರೆ ಸಾಲದು. ದಡಾರ ಲಸಿಕೆಯೂ ಹಾಗೇ. 2020ರ ಮಾರ್ಚ್‌ನಿಂದ ಕಾನೂನು ಇದೆ. ಲಸಿಕೆಯ ದಾಖಲೆ ಇಲ್ಲದೆ ಕಿಂಡರ್‌ಗಾರ್ಟನ್‌ನಲ್ಲಿ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಊರಿನ ಲಸಿಕೆ ಕಾರ್ಡನ್ನು ಸೂಟ್‌ಕೇಸಿನಲ್ಲಿ ಹಾಕಬೇಡಿ, ಕೈಚೀಲದಲ್ಲಿಟ್ಟುಕೊಂಡು ಬನ್ನಿ.

ಕಾನೂನಲ್ಲ, ಆದರೆ ಪರಿಸ್ಥಿತಿ ಹಾಗಿದೆ ಅನ್ನುವುದಕ್ಕೆ 'ಮಾಡಬೇಕಾಗುತ್ತೆ' ಸರಿಹೋಗುತ್ತೆ. ಒಂದು ವರ್ಷ ತುಂಬಿದ ಮಗುವಿಗೆ ಕಿಟಾದಲ್ಲಿ, ಅಂದರೆ ಮಕ್ಕಳ ಡೇಕೇರ್‌ನಲ್ಲಿ, ಜಾಗ ಸಿಗುವ ಹಕ್ಕು 2013ರಿಂದ ಇದೆ. ಹಕ್ಕಿದೆ ಅಂತ ಸುಮ್ನೆ ಕೂತರೆ ಜಾಗ ಸಿಗುವುದಿಲ್ಲ. ದೊಡ್ಡ ಊರುಗಳಲ್ಲಿ ನಾಲ್ಕಾರು ಕಡೆ ಅರ್ಜಿ ಹಾಕಿ, ಆಗಾಗ ನೆನಪಿಸುತ್ತಿರಬೇಕಾಗುತ್ತೆ. ಕುಕ್ಕರ್ ವಿಷಯ ಬಿಡಿ, ತಂದರೆ ಒಳ್ಳೇದು ಅಷ್ಟೇ.

ಜಾಸ್ತಿ ಎಡವಟ್ಟಾಗುವುದು ಊರಿಗೆ ಹೋಗುವ ವಿಷಯದಲ್ಲಿ. ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬನ ಕತೆ ಕೇಳಿ. ಶಿವಮೊಗ್ಗದಲ್ಲಿ ತಂಗಿ ಮದುವೆ, ಬೇಸಿಗೆ ರಜೆ ಶುರುವಾಗುವ ನಾಲ್ಕು ದಿನ ಮೊದಲು. ದೊಡ್ಡವಳು ಎರಡನೇ ಕ್ಲಾಸು, ಚಿಕ್ಕವನು ಕಿಂಡರ್‌ಗಾರ್ಟನ್. "ಹುಷಾರಿಲ್ಲ ಅಂತ ಮೇಲ್ ಹಾಕಿಬಿಡು" ಅಂತ ಒಬ್ಬರು. "ಏನೂ ಮಾಡಬಾರದು, ಪೊಲೀಸರು ಹಿಡೀತಾರೆ" ಅಂತ ಇನ್ನೊಬ್ಬರು. ಇಬ್ಬರ ಮಾತೂ ಅವನಿಗೆ ಉಪಯೋಗಕ್ಕೆ ಬರಲಿಲ್ಲ.

ನಾನು ಅವನಿಗೆ ಹೇಳಿದ್ದು ಇಷ್ಟು. ಚಿಕ್ಕವನ ವಿಷಯದಲ್ಲಿ ಯಾರ ಅನುಮತಿಯೂ ಬೇಕಾಗಿಲ್ಲ. ಕಿಂಡರ್‌ಗಾರ್ಟನ್ ಕಡ್ಡಾಯವಲ್ಲ, ಬರುವುದಿಲ್ಲ ಅಂತ ಮೊದಲೇ ಹೇಳಿದರೆ ಆಯ್ತು. ದೊಡ್ಡವಳಿಗೆ ಶಾಲೆ ಕಡ್ಡಾಯ, ಅದನ್ನು ಇಲ್ಲಿ ಶೂಲ್‌ಫ್ಲಿಖ್ಟ್ ಅನ್ನುತ್ತಾರೆ. ರಜೆಯ ಹಿಂದುಮುಂದಿನ ದಿನಗಳಲ್ಲಂತೂ ಶಾಲೆಯವರು ತುಂಬಾ ಬಿಗಿ. ಹಾಗಾಗಿ ಲಿಖಿತ ಅರ್ಜಿ ಕೊಡಲೇಬೇಕು. ಟಿಕೆಟ್ ಅಗ್ಗ ಅನ್ನುವುದು ಕಾರಣವಾಗುವುದಿಲ್ಲ, ಒಡಹುಟ್ಟಿದವಳ ಮದುವೆ ಆಗಬಹುದು. ಆಮಂತ್ರಣ ಪತ್ರಿಕೆ ಜೊತೆಗಿಟ್ಟು, ತಾರೀಖು, ಸಂಬಂಧ ಏನು ಅಂತ ಜರ್ಮನ್‌ನಲ್ಲಿ ಎರಡು ಸಾಲು ಬರೆದರೆ ಒಳ್ಳೇದು. ಉತ್ತರ ಬರುವ ತನಕ ಟಿಕೆಟ್ ತೆಗೆಯಬೇಡ. ಸುಳ್ಳು ಮಾತ್ರ ಹೇಳಕೂಡದು. ರಜೆ ಮುಗಿದ ಮೇಲೆ ಮಗು ತಾನೇ ಕ್ಲಾಸಿನಲ್ಲಿ ಅತ್ತೆ ಮದುವೆ ಕತೆ ಹೇಳುತ್ತೆ! ಅನುಮತಿ ಇಲ್ಲದೆ ಹೋದರೆ ದಂಡ ಬೀಳಬಹುದು, ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅವನಿಗೆ ಅನುಮತಿ ಸಿಕ್ಕಿತು. ಸಿಗಲೇಬೇಕು ಅಂತೇನೂ ಇರಲಿಲ್ಲ, ಅದು ಹೆಡ್‌ಮಾಸ್ಟರ್ ತೀರ್ಮಾನ.

ಇನ್ನು ಮನೆಯಲ್ಲಿ ಜರ್ಮನ್ ಮಾತಾಡುವ ವಿಷಯ. ಕೆಲವು ಟೀಚರುಗಳು "ಮನೆಯಲ್ಲೂ ಜರ್ಮನ್ ಮಾತಾಡಿದರೆ ಒಳ್ಳೇದು" ಅಂತಾರೆ. ಅದು ಅವರ ಸಲಹೆ. ನಮ್ಮವರು ಅದನ್ನು ಹೊಸಬರಿಗೆ ದಾಟಿಸುವಾಗ 'ಮಾತಾಡಬೇಕು' ಮಾಡಿಬಿಡುತ್ತಾರೆ, ಕೇಳಿದ ತಾಯಿ ಹೆದರಿ ಮಗುವಿನ ಜೊತೆ ಕನ್ನಡ ನಿಲ್ಲಿಸುತ್ತಾಳೆ. ಮನೆಯಲ್ಲಿ ಯಾವ ಭಾಷೆ ಆಡಬೇಕು ಅಂತ ಇಲ್ಲಿ ಕಾನೂನಿಲ್ಲ. ನನ್ನ ಕೇಳಿದರೆ, ಅಪ್ಪ ಅಮ್ಮ ಹರಕು ಜರ್ಮನ್ ಆಡುವುದಕ್ಕಿಂತ ಒಳ್ಳೆ ಕನ್ನಡ ಆಡಿ, ಜರ್ಮನ್ನಿಗೆ ಮಗುವನ್ನು ಕಿಂಡರ್‌ಗಾರ್ಟನ್‌ಗೆ ತಪ್ಪದೆ ಕಳಿಸುವುದೇ ಮೇಲು.

ಶಾಲೆಯಿಂದ ಬರುವ ಪತ್ರ ಓದುವಾಗಲೂ ಒಂದು ಹುಷಾರು. 'ಮುಸ್ ನಿಖ್ಟ್' ಅಂತಿದ್ದರೆ ಇಂಗ್ಲಿಷಿನ 'ಮಸ್ಟ್ ನಾಟ್' ಅಂದುಕೊಂಡು 'ಮಾಡಕೂಡದು' ಅಂತ ಓದುವವರು ಬಹಳ. ಅದರ ಅರ್ಥ 'ಮಾಡಬೇಕಾಗಿಲ್ಲ'. 'ಡಾರ್ಫ್ ನಿಖ್ಟ್' ಅಂತಿದ್ದರೆ ಮಾತ್ರ 'ಮಾಡಕೂಡದು'. ಪ್ರವಾಸದ ದಿನ ಮಗು ಊಟ ತರಬೇಕಾಗಿಲ್ಲ ಅಂತ ಬರೆದಿದ್ದನ್ನು ತರಕೂಡದು ಅಂತ ಓದಿ, ಪುಳಿಯೋಗರೆ ಡಬ್ಬಿಯನ್ನು ಬ್ಯಾಗಿನಿಂದ ತೆಗೆದಿಟ್ಟವರು ಈ ಗುಂಪಿನಲ್ಲೇ ಇದ್ದಾರೆ.