ಲೇಖನ ಚೆನ್ನಾಗಿ ಓದಿಸಿಕೊಂಡು ಹೋಗುತ್ತದೆ, ಆದರೆ ಒಳಗಿರುವುದೆಲ್ಲ ನಿಜವಾ?

ಪ್ರಶ್ನೆ (ಉಡುಪಿ): ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳ ಸಂಘದಿಂದ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಕರಾವಳಿಯ ಓದು, ಅಚ್ಚು, ಶಾಲೆಗಳ ಬಗ್ಗೆ 12 ಪುಟದ ಮುಖ್ಯ ಲೇಖನ ಇದೆ. ಒಬ್ಬರು ಬರೆದಿದ್ದಾರೆ, ಇನ್ನೊಬ್ಬರು ತಿದ್ದಿ ನಯ ಮಾಡಿದ್ದಾರೆ. ಎಲ್ಲೂ ಎಡವುವುದಿಲ್ಲ. ಅದಕ್ಕೇ ಹೆದರಿಕೆ. ಶನಿವಾರ ಪ್ರೆಸ್ಸಿಗೆ ಹೋಗಬೇಕು. ಇಸವಿ, ಅಂಕಿ, ಮಾತು ಇವನ್ನೆಲ್ಲ ಹೇಗೆ ಪರೀಕ್ಷೆ ಮಾಡುತ್ತೀರಿ?

ನಿವೃತ್ತ ಉಪಸಂಪಾದಕ, ಮಂಗಳೂರು: ಮೊದಲು ಪ್ರಿಂಟ್ ತೆಗೆಯಿರಿ, ಸ್ಕ್ರೀನಿನಲ್ಲಿ ಓದಬೇಡಿ. ಒಂದು ಪೆನ್ಸಿಲ್ ಹಿಡಿದು, ತಪ್ಪಾಗಲು ಸಾಧ್ಯ ಇರುವ ಪ್ರತಿಯೊಂದರ ಕೆಳಗೂ ಗೆರೆ ಎಳೆಯಿರಿ. ಹೆಸರು, ಇಸವಿ, ಸಂಖ್ಯೆ, "ಮೊದಲ", "ಅತಿ ದೊಡ್ಡ", "ಏಕೈಕ" ಎನ್ನುವ ಪದ, ಉದ್ಧರಣೆ ಚಿಹ್ನೆಯೊಳಗಿನ ಮಾತು, ಎಲ್ಲವೂ. ಒಂದೇ ವಾಕ್ಯದಲ್ಲಿ ನಾಲ್ಕೈದು ಗೆರೆ ಬೀಳಬಹುದು, ಬೀಳಲಿ. ಆಮೇಲೆ ಲೇಖಕರ ಜೊತೆ ಕುಳಿತು ಪ್ರತಿ ಗೆರೆಗೂ "ಇದು ಎಲ್ಲಿಂದ ಬಂತು?" ಎಂದು ಕೇಳಿ. ಪುಸ್ತಕ ಆದರೆ ಪುಟ ಸಂಖ್ಯೆ ಸಮೇತ ಮಾರ್ಜಿನಿನಲ್ಲಿ ಬರೆಯಿರಿ. "ಎಲ್ಲರಿಗೂ ಗೊತ್ತಿರುವುದೇ ಅಲ್ವಾ" ಎಂದರೆ ಅಲ್ಲಿ ದೊಡ್ಡ ಪ್ರಶ್ನಾರ್ಥಕ ಹಾಕಿ.

ಒಂದು ಉದಾಹರಣೆ ಹೇಳುತ್ತೇನೆ. ಹಿಂದೊಮ್ಮೆ ನನ್ನ ಮೇಜಿಗೆ ಇಂಥ ಸಾಲು ಬಂದಿತ್ತು: "1843ರಲ್ಲಿ ಮೋಗ್ಲಿಂಗ್ ಮತ್ತು ಕಿಟೆಲ್ ಜೊತೆಯಾಗಿ ಅಚ್ಚುಮೊಳೆ ಜೋಡಿಸಿ ಹೊರತಂದ ಮಂಗಳೂರ ಸಮಾಚಾರ ಕನ್ನಡದ ಮೊದಲ ದಿನಪತ್ರಿಕೆ." ಓದಲು ಎಷ್ಟು ಸಲೀಸು! ಬಿಡಿಸಿ ನೋಡಿದರೆ ಇಸವಿ ಸರಿ, ಮೋಗ್ಲಿಂಗ್ ಸರಿ. ಆದರೆ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಭಾರತಕ್ಕೆ ಬಂದದ್ದು 1853ರಲ್ಲಿ. 1843ರಲ್ಲಿ ಅವರು ಜರ್ಮನಿಯಲ್ಲಿದ್ದ ಹುಡುಗ. ಪತ್ರಿಕೆ ಅಚ್ಚುಮೊಳೆಯದ್ದಲ್ಲ, ಕಲ್ಲಚ್ಚಿನದು. ದಿನಪತ್ರಿಕೆಯೂ ಅಲ್ಲ, ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಒಂದೇ ಸಾಲಿನಲ್ಲಿ ಮೂರು ತಪ್ಪು, ಮೂರೂ ನಿಜದ ಪಕ್ಕದಲ್ಲೇ ಕುಳಿತಿದ್ದವು. ಕಿಟೆಲ್ ತಪ್ಪನ್ನು ಹಿಡಿಯಲು ಲೈಬ್ರರಿಗೆ ಹೋಗಬೇಕೆಂದೂ ಇರಲಿಲ್ಲ. ಅದೇ ಲೇಖನದ ಏಳನೇ ಪುಟದಲ್ಲಿ ಅವರು ಭಾರತಕ್ಕೆ ಬಂದ ಇಸವಿ ಸರಿಯಾಗಿಯೇ ಇತ್ತು. ಹಾಗಾಗಿ ಎಲ್ಲ ಇಸವಿಗಳನ್ನೂ ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದು, ಒಂದಕ್ಕೊಂದು ಹೊಂದುತ್ತವಾ ನೋಡಿ. ಅರ್ಧ ಗಂಟೆಯ ಕೆಲಸ.

ಕುಂದಾಪುರದ ಓದುಗ: ಇಷ್ಟೆಲ್ಲ ಯಾಕೆ? ನೆಟ್ಟಿನಲ್ಲಿ ಮೂರು ಕಡೆ ನೋಡಿ. ಮೂರೂ ಕಡೆ ಒಂದೇ ಇದ್ದರೆ ಸರಿ ಎಂದು ಬಿಡುತ್ತೇನೆ ನಾನು.

ನಿವೃತ್ತ ಉಪಸಂಪಾದಕ: ಮೂರು ಕಡೆ ನೋಡುವುದು ಒಳ್ಳೆಯದೇ ಮಾರಾಯ್ರೆ. ಆದರೆ ಮೂರೂ ಒಂದನ್ನೇ ನೋಡಿ ಬರೆದಿದ್ದರೆ ನಿಮ್ಮ ಕೈಯಲ್ಲಿರುವುದು ಒಂದೇ ಸಾಕ್ಷಿ. ವಾಕ್ಯದ ಜೋಡಣೆ, ಕಾಗುಣಿತದ ತಪ್ಪು ಕೂಡ ಒಂದೇ ಥರ ಇದ್ದರೆ ನಕಲು ಎಂದು ಗೊತ್ತಾಗುತ್ತದೆ. ಮೋಗ್ಲಿಂಗ್, ಕಿಟೆಲ್ ಇದ್ದ ಬಾಸೆಲ್ ಮಿಷನ್ ವಿಷಯ ಆದರೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲಿ ಹಳೆಯ ದಾಖಲೆ ಇದೆ. ಉಡುಪಿಯಿಂದ ಒಂದು ಬೆಳಿಗ್ಗೆ ಹೋಗಿ ಬರಬಹುದು.

ಹೈಸ್ಕೂಲ್ ಕನ್ನಡ ಟೀಚರ್, ಕಾರ್ಕಳ: ಕರಡು ನನಗೆ ಕಳಿಸಿ. ಅಲ್ಪಪ್ರಾಣ ಮಹಾಪ್ರಾಣ, ಒತ್ತಕ್ಷರ ಎಲ್ಲ ಎರಡು ದಿನದಲ್ಲಿ ನೋಡಿ ಕೊಡುತ್ತೇನೆ. ಇತ್ತೀಚೆಗೆ ಸಂಚಿಕೆಗಳಲ್ಲಿ ಕಾಗುಣಿತ ನೋಡಿದರೆ ಬೇಜಾರಾಗುತ್ತದೆ.

ಪ್ರಶ್ನೆ ಕೇಳಿದವರು: ಟೀಚರ್, ಅದೂ ಬೇಕು, ಖಂಡಿತ ಕಳಿಸುತ್ತೇನೆ. ಆದರೆ ಕಾಗುಣಿತ ಸರಿ ಇರುವ ಸುಳ್ಳಿನ ಬಗ್ಗೆ ನನಗೆ ಜಾಸ್ತಿ ಚಿಂತೆ.

ಸ್ವಸಹಾಯ ಸಂಘಗಳ ಜೊತೆ ಕೆಲಸ ಮಾಡುವವಳು, ಮಂಗಳೂರು: ನನ್ನದು ಇತಿಹಾಸ ಅಲ್ಲ, ವಾರ್ಷಿಕ ವರದಿ. ಆದರೆ ಅಂಕಿಯಲ್ಲಿ ಪೆಟ್ಟು ತಿಂದಿದ್ದೇನೆ, ಅದಕ್ಕೆ ಹೇಳುತ್ತೇನೆ. ನಮ್ಮ ಕರಡಿನಲ್ಲಿ "ಉಡುಪಿಯಲ್ಲಿ ಹೆಂಗಸರು ಗಂಡಸರಿಗಿಂತ ಶೇ. 94 ಹೆಚ್ಚು" ಎಂದಿತ್ತು. 2011ರ ಜನಗಣತಿಯಲ್ಲಿ ಇರುವುದು 1,000 ಗಂಡಸರಿಗೆ 1,094 ಹೆಂಗಸರು. ಅಂದರೆ ಶೇ. 9.4. ಬರೆದವರು 94 ಎಂಬ ಅಂಕಿಯನ್ನು ಹುಟ್ಟಿಸಿಕೊಂಡು ಬರೆದದ್ದಲ್ಲ. ನಿಜವಾದ ಕಡೆಯಿಂದಲೇ ತೆಗೆದು, ಪಕ್ಕದ "ಸಾವಿರಕ್ಕೆ" ಎನ್ನುವುದನ್ನು ಬಿಟ್ಟಿದ್ದರು.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. "1991ರಿಂದ 2001ರ ಒಳಗೆ ದಕ್ಷಿಣ ಕನ್ನಡದ ಜನಸಂಖ್ಯೆ 27 ಲಕ್ಷದ ಹತ್ತಿರದಿಂದ 19 ಲಕ್ಷದ ಹತ್ತಿರಕ್ಕೆ ಕುಸಿಯಿತು, ಕಾರಣ ಮುಂಬೈ ಮತ್ತು ಗಲ್ಫ್ ವಲಸೆ." ಎರಡು ಅಂಕಿಯೂ ಜನಗಣತಿಯಲ್ಲಿ ಇವೆ! ಆದರೆ 1997ರಲ್ಲಿ ಉಡುಪಿ ಬೇರೆ ಜಿಲ್ಲೆ ಆಯಿತು. ಮೊದಲ ಅಂಕಿಯಲ್ಲಿ ಉಡುಪಿ ಇದೆ, ಎರಡನೆಯದರಲ್ಲಿ ಇಲ್ಲ. ಜನ ಎಲ್ಲಿಗೂ ಹೋಗಿರಲಿಲ್ಲ, ಗಡಿ ಸರಿದಿತ್ತು. ವಲಸೆಯ ಕಾರಣವನ್ನು ಲೇಖಕರು ತಾವೇ ಸೇರಿಸಿದ್ದರು, ಅದು ನಂಬುವ ಹಾಗೆಯೂ ಇತ್ತು, ಯಾಕೆಂದರೆ ನಮ್ಮ ಎಲ್ಲರ ಮನೆಯಲ್ಲೂ ಯಾರಾದರೂ ಮುಂಬೈಗೆ ಹೋದವರು ಇದ್ದಾರಲ್ಲ. ಅಂದಿನಿಂದ ಎರಡು ವರ್ಷದ ಅಂಕಿ ಹೋಲಿಸಿದ ಕಡೆಯೆಲ್ಲ, ಎರಡೂ ಸಲ ಅದೇ ಜಾಗವನ್ನು, ಅದೇ ಗುಂಪನ್ನು ಎಣಿಸಿದ್ದಾರಾ ಎಂದು ಮೊದಲು ನೋಡುತ್ತೇನೆ. ಸಾಕ್ಷರತೆ ಬಂದರೂ ಹಾಗೆಯೇ. ಉಡುಪಿಯದು 2001ರಲ್ಲಿ ಶೇ. 81.25, 2011ರಲ್ಲಿ ಶೇ. 86.24. ಅದು ಏಳು ವರ್ಷ ಮತ್ತು ಮೇಲ್ಪಟ್ಟವರ ಲೆಕ್ಕ, ಇಡೀ ಜನಸಂಖ್ಯೆಯದಲ್ಲ.

ಕುಂದಾಪುರದ ಓದುಗ: ಹಾಗಾದರೆ ಅಕ್ಕ, "ಶೇ. 5 ಏರಿತು" ಎಂದು ಬರೆಯಬಹುದಲ್ವಾ?

ಸ್ವಸಹಾಯ ಸಂಘಗಳ ಜೊತೆ ಕೆಲಸ ಮಾಡುವವಳು: ನಾನು ಬರೆಯುವುದಿಲ್ಲ. 81.25ರ ಮೇಲೆ ಲೆಕ್ಕ ಹಾಕಿದರೆ ಏರಿಕೆ ಶೇ. 6ಕ್ಕಿಂತ ಸ್ವಲ್ಪ ಜಾಸ್ತಿ. "81.25ರಿಂದ 86.24ಕ್ಕೆ ಏರಿತು" ಎಂದು ಎರಡೂ ಅಂಕಿ ಕೊಟ್ಟರೆ ಗೊಂದಲವೇ ಇಲ್ಲ.

ನಿವೃತ್ತ ಉಪಸಂಪಾದಕ: ಇನ್ನೊಂದು ಮುಖ್ಯ ವಿಷಯ ಬಿಟ್ಟಿದ್ದೆ. ನಯ ಮಾಡಿದ ಪ್ರತಿಯ ಪಕ್ಕದಲ್ಲಿ ಲೇಖಕರ ಮೊದಲ ಪ್ರತಿಯನ್ನು ಇಟ್ಟುಕೊಳ್ಳಿ. ತಿದ್ದುವಾಗ "ಸುಮಾರು", "ಇರಬಹುದು", "ಹಿರಿಯರು ಹೇಳುವಂತೆ" ಎನ್ನುವಂಥ ಪದಗಳು ಭಾರ ಎಂದು ಬಿದ್ದುಹೋಗುತ್ತವೆ. ಲೇಖಕರು "ಸುಮಾರು 200 ಮಕ್ಕಳಿದ್ದರಂತೆ" ಎಂದು ಬರೆದಿದ್ದರೆ, ನಯ ಆದ ಮೇಲೆ "200 ಮಕ್ಕಳಿದ್ದರು" ಆಗುತ್ತದೆ. ಯಾರೂ ಸುಳ್ಳು ಹೇಳಲಿಲ್ಲ, ಆದರೂ ಅಚ್ಚಾಗುವುದು ಆಧಾರ ಇಲ್ಲದ ಮಾತು. ಫೋಟೊ ಅಡಿಬರಹ, ಬಾಕ್ಸಿನ ಸಾಲುಗಳನ್ನು ಪುಟ ಕಟ್ಟಿದ ಮೇಲೆ ಮತ್ತೊಮ್ಮೆ ನೋಡಿ. ಎಷ್ಟೋ ಸಲ ಅವನ್ನು ಬರೆದವರು ಲೇಖಕರೇ ಆಗಿರುವುದಿಲ್ಲ.

ಪ್ರಶ್ನೆ ಕೇಳಿದವರು: ನಿನ್ನೆ ರಾತ್ರಿ ಕುಳಿತು ಮೂರು ಪುಟ ಮುಗಿಸಿದೆ. "ಸುಮಾರು" ಎರಡು ಕಡೆ ಹೋಗಿತ್ತು ಸರ್, ವಾಪಸ್ ಹಾಕಿದೆ. ಈಗ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ನಮ್ಮ ಮೊದಲ ಹೆಡ್‌ಮಾಸ್ಟರ್ ಹೇಳಿದ್ದೆಂದು ಉದ್ಧರಣೆ ಚಿಹ್ನೆಯಲ್ಲಿ ಆರು ಸಾಲು ಇದೆ. ಅವರು ತೀರಿಹೋಗಿ ಬಹಳ ವರ್ಷ ಆಯಿತು. ಕೇಳಿದರೆ ಲೇಖಕರು "ನಮ್ಮ ಅಪ್ಪ ಹೇಳುತ್ತಿದ್ದರು" ಎನ್ನುತ್ತಾರೆ.

ನಿವೃತ್ತ ಉಪಸಂಪಾದಕ: ಚಿಹ್ನೆ ತೆಗೆಯಿರಿ. "ಹೆಡ್‌ಮಾಸ್ಟರು ಹೀಗೆ ಹೇಳುತ್ತಿದ್ದರೆಂದು ನನ್ನ ತಂದೆ ನೆನೆಯುತ್ತಿದ್ದರು" ಎಂದು ಲೇಖಕರ ಮಾತಾಗಿಯೇ, ಎರಡು ಸಾಲಿನಲ್ಲಿ ಬರಲಿ. ಆರು ಸಾಲು ಅಕ್ಷರಶಃ ಯಾರಿಗೂ ನೆನಪಿರುವುದಿಲ್ಲ.

ಕಾರ್ಕಳದ ಟೀಚರ್: ನಾನು ಇದನ್ನು ಒಪ್ಪುವುದಿಲ್ಲ ಸರ್. ನನ್ನ ಅಜ್ಜಿ ಹೇಳಿದ ಮಾತು ನನಗೆ ಇವತ್ತಿಗೂ ಪದಪದವಾಗಿ ನೆನಪಿದೆ. ಹಳ್ಳಿ ಶಾಲೆಯ ಇತಿಹಾಸ ಉಳಿದಿರುವುದೇ ಇಂಥ ಮಾತುಗಳಲ್ಲಿ.

ನಿವೃತ್ತ ಉಪಸಂಪಾದಕ: ಉಳಿಯಲಿ ಟೀಚರ್, ಯಾರ ನೆನಪು ಎಂದು ಬರೆದು ಉಳಿಯಲಿ. ಆ ಹೆಡ್‌ಮಾಸ್ಟರ ಮಕ್ಕಳು ಯಾರಾದರೂ ಊರಿನಲ್ಲಿ ಇದ್ದಾರಾ? ಶುಕ್ರವಾರದ ಒಳಗೆ ಅವರಿಗೆ ಒಮ್ಮೆ ಓದಿ ಹೇಳಿ.

ಪ್ರಶ್ನೆ ಕೇಳಿದವರು: ಮಗಳು ಮಲ್ಪೆಯಲ್ಲಿ ಇದ್ದಾರೆ ಎಂದು ಗೊತ್ತಾಯಿತು. ನಾಳೆ ಸಂಜೆ ಹೋಗುತ್ತೇನೆ.