ಸೌದಿ ಕೆಲಸ ಬಿಡುವ ಪತ್ರ: ಇಂಗ್ಲಿಷಿನಿಂದ ಅರಬ್ಬಿಗೆ

ನಾಪೋಕ್ಲು, ಈಗ ದಮ್ಮಾಮ್ (ಸಿವಿಲ್ ಇಂಜಿನಿಯರ್): ಅಪ್ಪನಿಗೆ ಇನ್ನು ತೋಟ ನೋಡಿಕೊಳ್ಳಲು ಆಗುವುದಿಲ್ಲ. ರೊಬಸ್ಟಾ ಕುಯ್ಲಿನ ಹೊತ್ತಿಗೆ ಊರಿಗೆ ಬಂದುಬಿಡಬೇಕೆಂದಿದ್ದೇನೆ. ಒಪ್ಪಂದ ಜನವರಿ 14ಕ್ಕೆ ಮುಗಿಯುತ್ತದೆ, ಅಂದಿಗೆ ಆರು ವರ್ಷ ತುಂಬುತ್ತದೆ. ಇಂಗ್ಲಿಷಿನಲ್ಲಿ ರಾಜೀನಾಮೆ ಬರೆದು ಟೈಪಿಂಗ್ ಅಂಗಡಿಯಲ್ಲಿ ಅರಬ್ಬಿಗೆ ಮಾಡಿಸಿದೆ. ಎರಡೂ ಪ್ರತಿಗಳ ಫೋಟೊ ಹಾಕಿದ್ದೇನೆ, ಕಂಪನಿಗೆ ಇನ್ನೂ ಕೊಟ್ಟಿಲ್ಲ. ಅನುವಾದ ಸರಿ ಇದೆಯೇ, ತಿಳಿದವರು ನೋಡಿ ಹೇಳುತ್ತೀರಾ?

ಕುಶಾಲನಗರ, ಈಗ ದುಬೈ: ಅಣ್ಣ, ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ ಕಡಿತವಾಗುವುದಿಲ್ಲ, 2022ರ ಫೆಬ್ರವರಿಯಿಂದ ಹೊಸ ಕಾನೂನು ಬಂದಿದೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ 30 ದಿನದ್ದು. ಪತ್ರದಲ್ಲಿ ಹೆಸರು, ತಾರೀಕು ಸರಿ ಇದ್ದರೆ ಸಾಕು.

ವಿರಾಜಪೇಟೆ (ಅರಬ್ಬಿ ಅನುವಾದಕ, ರಿಯಾದ್‌ನ ಕಂಪನಿಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದವರು): ದುಬೈ ತಮ್ಮ ಹೇಳಿದ್ದು ಎಮಿರೇಟ್ಸ್‌ಗೆ ಸರಿ. ದಮ್ಮಾಮ್ ಇರುವುದು ಸೌದಿಯಲ್ಲಿ, ಅಲ್ಲಿಯ ಲೆಕ್ಕವೇ ಬೇರೆ. ಇಂಜಿನಿಯರ್ ಸರ್, ದಯವಿಟ್ಟು ಈ ಪತ್ರವನ್ನು ಇದೇ ರೂಪದಲ್ಲಿ ಕೊಡಬೇಡಿ.

ನಿಮ್ಮ ಇಂಗ್ಲಿಷ್ ಪತ್ರದ ತಲೆಬರಹದಲ್ಲಿ ರಾಜೀನಾಮೆ ಎಂದಿದೆ, ಒಳಗೆ ಒಪ್ಪಂದವನ್ನು ನವೀಕರಿಸುವ ಇಚ್ಛೆ ಇಲ್ಲ ಎಂದಿದೆ. ನಮ್ಮ ಮಟ್ಟಿಗೆ ಎರಡೂ ಒಂದೇ, ಹೇಗಿದ್ದರೂ ಊರಿಗೆ ಹೊರಟವರು. ಸೌದಿ ಕಾರ್ಮಿಕ ಕಾನೂನಿನಲ್ಲಿ ಮಾತ್ರ ಇವು ಎರಡು ಬೇರೆ ದಾರಿಗಳು. ಟೈಪಿಂಗ್ ಅಂಗಡಿಯವರು ತಲೆಬರಹವನ್ನು ಹಿಡಿದು ‘ತಲಬ್ ಇಸ್ತಿಕಾಲಾ’, ಅಂದರೆ ರಾಜೀನಾಮೆಯ ಕೋರಿಕೆ, ಎಂಬ ಸಿದ್ಧ ನಮೂನೆಯಲ್ಲಿ ನಿಮ್ಮ ಹೆಸರು ತುಂಬಿಸಿದ್ದಾರೆ. ನವೀಕರಣದ ವಾಕ್ಯವನ್ನೇ ಬಿಟ್ಟಿದ್ದಾರೆ. ತಕರಾರು ಬಂದರೆ ಅಲ್ಲಿ ನಡೆಯುವುದು ಅರಬ್ಬಿ ಪ್ರತಿ, ಇಂಗ್ಲಿಷ್ ಪ್ರತಿಯಲ್ಲ.

ಇದರಿಂದ ಎಷ್ಟು ಹಣ ಹೋಗುತ್ತದೆ ಎಂದು ನೋಡಿ. ಸೇವಾಂತ್ಯದ ಪರಿಹಾರ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ವೇತನ, ನಂತರದ ಪ್ರತಿ ವರ್ಷಕ್ಕೆ ಪೂರ್ತಿ ತಿಂಗಳ ವೇತನ, ಅದೂ ಕೊನೆಯ ವೇತನದ ಮೇಲೆ. ನಿಮ್ಮ ವೇತನ 9,000 ರಿಯಾಲ್ ಎಂದುಕೊಳ್ಳೋಣ. ಐದು ವರ್ಷಕ್ಕೆ 22,500, ಆರನೆಯದಕ್ಕೆ 9,000, ಒಟ್ಟು 31,500. ಅವಧಿ ಮುಗಿದು ಹೊರಟರೆ ಇಷ್ಟೂ ನಿಮ್ಮದು. ರಾಜೀನಾಮೆ ಎಂದು ದಾಖಲಾದರೆ 85ನೇ ವಿಧಿಯಂತೆ ಐದರಿಂದ ಹತ್ತು ವರ್ಷದೊಳಗಿನವರಿಗೆ ಮೂರರಲ್ಲಿ ಎರಡು ಪಾಲು ಮಾತ್ರ, ಅಂದರೆ 21,000. ಆರು ವರ್ಷ ದುಡಿದ ಮನುಷ್ಯ ಒಂದು ತಲೆಬರಹದ ದೆಸೆಯಿಂದ 10,500 ರಿಯಾಲ್ ಬಿಟ್ಟು ಬರುವುದು ನನಗೆ ಸಹಿಸಲಾಗದು.

ಇನ್ನೊಂದು, ಕೊನೆಯ ಸಾಲು. ‘ನನ್ನ ಎಲ್ಲ ಬಾಕಿಯನ್ನು ಪಡೆದಿದ್ದೇನೆ, ಕಂಪನಿಯ ಮೇಲೆ ನನಗೆ ಯಾವ ಹಕ್ಕೂ ಉಳಿದಿಲ್ಲ’ ಎಂದು ಅರಬ್ಬಿ ಪ್ರತಿಯಲ್ಲಿದೆ. ನಿಮ್ಮ ಇಂಗ್ಲಿಷಿನಲ್ಲಿ ಇದ್ದದ್ದು ಬಾಕಿಯನ್ನು ಚುಕ್ತಾ ಮಾಡಿಕೊಡಿ ಎಂಬ ಕೋರಿಕೆ. ಹಳೆಯ ನಮೂನೆಯೊಂದರ ಬಾಲ ಇಲ್ಲಿ ಅಂಟಿಕೊಂಡಿದೆ. ಅದು ಮುಖಾಲಸಾ, ಹಣ ಕೈಗೆ ಬಂದ ಮೇಲೆ ಸಹಿ ಹಾಕುವ ಕಾಗದದ ಮಾತು. ಹಣಕ್ಕೆ ಮೊದಲೇ ಅದಕ್ಕೆ ಸಹಿ ಹಾಕಬೇಡಿ.

ನಾಪೋಕ್ಲು, ಈಗ ದಮ್ಮಾಮ್: ಇಷ್ಟೆಲ್ಲ ಇದೆಯೆಂದು ಗೊತ್ತೇ ಇರಲಿಲ್ಲ ಸರ್. ಹಾಗಾದರೆ ಹೇಗೆ ಬರೆಸಲಿ? ಒಪ್ಪಂದದಲ್ಲಿ 60 ದಿನ ಮೊದಲು ತಿಳಿಸಬೇಕು, ಇಲ್ಲದಿದ್ದರೆ ತಾನಾಗಿ ನವೀಕರಣವಾಗುತ್ತದೆ ಎಂದಿದೆ.

ಮಡಿಕೇರಿ (ನಿವೃತ್ತ ಶಿಕ್ಷಕಿ): ನನ್ನ ಮಗಳು ಕುವೈತ್‌ನಲ್ಲಿ ನರ್ಸ್. ಅವಳ ಅನುಭವ ಪ್ರಮಾಣಪತ್ರ ಅರಬ್ಬಿಯಲ್ಲಿದೆ, ಇಲ್ಲಿನ ಆಸ್ಪತ್ರೆಯವರು ಒಪ್ಪುತ್ತಿಲ್ಲ. ಅದನ್ನೂ ನೀವೇ ಅನುವಾದ ಮಾಡಿಕೊಡುತ್ತೀರಾ?

ವಿರಾಜಪೇಟೆ: ಅಕ್ಕ, ನಿಮ್ಮದು ಅರಬ್ಬಿಯಿಂದ ಇಂಗ್ಲಿಷಿಗೆ, ಅದಕ್ಕೆ ಬೇರೆಯಾಗಿ ಪ್ರಶ್ನೆ ಹಾಕಿ, ಖಂಡಿತ ನೋಡುತ್ತೇನೆ. ಇಂಜಿನಿಯರ್ ಸರ್‌ಗೂ ಇದರಲ್ಲಿ ಒಂದು ಮಾತಿದೆ: ಸೇವಾ ಪ್ರಮಾಣಪತ್ರವನ್ನು ಕಂಪನಿ ಉಚಿತವಾಗಿ ಕೊಡಬೇಕು. ಅಲ್ಲಿರುವಾಗಲೇ ಇಂಗ್ಲಿಷಿನಲ್ಲೂ ಒಂದು ಪ್ರತಿ ಕೇಳಿ ಪಡೆಯಿರಿ.

ಈಗ ಪತ್ರ. ತಲೆಬರಹ ‘ಇಶ್‌ಆರ್ ಬಿ ಅದಮ್ ತಜ್ದೀದ್ ಅಲ್-ಅಕ್ದ್’ ಎಂದಿರಲಿ, ಒಪ್ಪಂದವನ್ನು ನವೀಕರಿಸದಿರುವ ಸೂಚನೆ ಎಂದು. ಒಳಗೆ ‘ಇಸ್ತಿಕಾಲಾ’ ಎಂಬ ಪದ ಎಲ್ಲಿಯೂ ಬರಬಾರದು. ಇಂಗ್ಲಿಷ್ ಪ್ರತಿಯನ್ನೂ ಹಾಗೆಯೇ ತಿದ್ದಿ, ಎರಡೂ ಒಂದೇ ಮಾತು ಹೇಳಬೇಕು. ಒಡಲಿಗೆ ನಾಲ್ಕು ವಾಕ್ಯ ಸಾಕು:

‘ನನ್ನ ಕೆಲಸದ ಒಪ್ಪಂದವು ಜನವರಿ 14ರಂದು ಮುಗಿಯುತ್ತದೆ. ಅದನ್ನು ನವೀಕರಿಸುವ ಇಚ್ಛೆ ನನಗಿಲ್ಲವೆಂದು ಒಪ್ಪಂದದಲ್ಲಿ ಹೇಳಿರುವ ಅವಧಿಯೊಳಗೆ ಈ ಮೂಲಕ ತಿಳಿಸುತ್ತಿದ್ದೇನೆ. ಆ ದಿನದವರೆಗೆ ಕೆಲಸ ಮಾಡಿ ಜವಾಬ್ದಾರಿಯನ್ನು ವಹಿಸಿಕೊಡುತ್ತೇನೆ. ಸೇವಾಂತ್ಯದ ಪರಿಹಾರ, ಉಳಿದ ರಜೆಯ ವೇತನ, ಸೇವಾ ಪ್ರಮಾಣಪತ್ರ ಮತ್ತು ಖುರೂಜ್ ನಿಹಾಯಿ ಎಂಬ ಅಂತಿಮ ನಿರ್ಗಮನ ವೀಸಾ ಕೊಡಿಸಬೇಕೆಂದು ಕೋರುತ್ತೇನೆ.’

ಅಪ್ಪನ ಅನಾರೋಗ್ಯ, ತೋಟದ ವಿಷಯ ಬೇಡ. ಮನೆಯ ಕಾರಣಕ್ಕೆ ಬಿಡುತ್ತಿದ್ದೇನೆ ಎಂದು ಬರೆದರೆ ಓದುವವರಿಗೆ ಅದು ಮತ್ತೆ ರಾಜೀನಾಮೆಯಂತೆ ಕಾಣುತ್ತದೆ. ಧನ್ಯವಾದದ ಸಾಲು ಇದ್ದರೆ ಚೆಂದ, ಅರಬ್ಬಿ ಪತ್ರಕ್ಕೆ ಆ ಮರ್ಯಾದೆ ಬೇಕು. ನಿಮ್ಮ ಹೆಸರನ್ನು ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಇರುವ ಅರಬ್ಬಿ ಅಕ್ಷರಗಳಲ್ಲೇ ಬರೆಸಿ. ನಿಮ್ಮ ಫೋಟೊದಲ್ಲಿ ಮನೆತನದ ಹೆಸರನ್ನು ಕಿವಿಗೆ ಕೇಳಿದಂತೆ ಬರೆದಿದ್ದಾರೆ, ಇಕಾಮಾ ಸಂಖ್ಯೆಯೂ ಇಲ್ಲ.

ತಾರೀಕು ಅತಿ ಮುಖ್ಯ. ಜನವರಿ 14ರಿಂದ ಹಿಂದಕ್ಕೆ 60 ದಿನ ಎಣಿಸಿದರೆ ನವೆಂಬರ್ 15. ಅದು ತಪ್ಪಿದರೆ ಒಪ್ಪಂದ ನವೀಕರಣವಾಗುತ್ತದೆ, ಆಮೇಲೆ ನಡುವೆ ಹೊರಟರೆ ನಿಜವಾಗಿಯೂ ರಾಜೀನಾಮೆಯೇ. ನವೆಂಬರ್ ಮೊದಲ ವಾರದಲ್ಲೇ ಕಂಪನಿಯ ಇ-ಮೇಲ್‌ಗೆ ಕಳುಹಿಸಿ, ಕಾಗದದ ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆಯಿರಿ. ಮುಗಿಯುವ ದಿನವನ್ನು ಸೌದಿ ಸರ್ಕಾರದ ಕಾರ್ಮಿಕ ಜಾಲತಾಣ ‘ಕಿವಾ’ದಲ್ಲಿ ದಾಖಲಾದ ಒಪ್ಪಂದದಿಂದಲೇ ನಕಲು ಮಾಡಿ. ಹಿಜ್ರಿ ವರ್ಷ ನಮ್ಮ ಕ್ಯಾಲೆಂಡರಿಗಿಂತ ಸುಮಾರು 11 ದಿನ ಚಿಕ್ಕದು. ಒಪ್ಪಂದ ಹಿಜ್ರಿಯಲ್ಲಿದ್ದರೆ ನೀವು ಹೇಳಿದ ದಿನವೇ ಬದಲಾಗಬಹುದು.

ಸಿದ್ದಾಪುರ, ಜೆಡ್ಡಾದಿಂದ ಮರಳಿದವರು: ಬರೆಯುವುದು ಸುಲಭ ಅಣ್ಣ. ನಾನು ನವೀಕರಣ ಬೇಡವೆಂದೇ ಬರೆದಿದ್ದೆ, ಆದರೂ ಕಂಪನಿ ರಾಜೀನಾಮೆಯೆಂದು ಲೆಕ್ಕ ಹಾಕಿತು. ಮೇಲಾಗಿ ಮನೆಬಾಡಿಗೆ ಭತ್ಯೆ ಬಿಟ್ಟು ಮೂಲ ವೇತನದ ಮೇಲೆ ಮಾತ್ರ. ಜಗಳ ಬೇಡವೆಂದು ಸಹಿ ಹಾಕಿ ಬಂದೆ.

ವಿರಾಜಪೇಟೆ: ಮನೆಬಾಡಿಗೆಯಂಥ ಸ್ಥಿರ ಭತ್ಯೆಯೂ ವೇತನದಲ್ಲಿ ಸೇರುತ್ತದೆ, ಬಿಟ್ಟದ್ದು ಅನ್ಯಾಯ. ದೂರಿಗೆ ದಾರಿ ಇದೆ: ಮೊದಲು ಕಾರ್ಮಿಕ ಸಚಿವಾಲಯದ ರಾಜಿ ವಿಭಾಗ, ಅಲ್ಲಿ ಬಗೆಹರಿಯದಿದ್ದರೆ ಕಾರ್ಮಿಕ ನ್ಯಾಯಾಲಯ. ಕೆಲಸ ಮುಗಿದ 12 ತಿಂಗಳೊಳಗೆ ಹೋಗಬೇಕು. ಮುಖಾಲಸಾಕ್ಕೆ ಸಹಿ ಹಾಕಿದ ಮೇಲೆ ವಾದ ಬಹಳ ಕಷ್ಟ. ಊರು ಸೇರಿದ ಮೇಲೆ ಇನ್ನೂ ಕಷ್ಟ.

ನಾಪೋಕ್ಲು, ಈಗ ದಮ್ಮಾಮ್: ಸರ್, ಸಿಬ್ಬಂದಿ ವಿಭಾಗದಲ್ಲಿ ಈಗಷ್ಟೇ ಕೇಳಿದೆ. ಬಿಡುವವರಿಗೆಲ್ಲ ತಮ್ಮದೇ ಒಂದು ಫಾರಂ ಇದೆಯಂತೆ, ಅದರ ತಲೆಬರಹವೇ ಇಸ್ತಿಕಾಲಾ. ಅದನ್ನು ತುಂಬದೆ ಖುರೂಜ್ ಮುಂದುವರಿಯದು ಎನ್ನುತ್ತಾರೆ. ಡಿಸೆಂಬರ್ ಮಧ್ಯದಲ್ಲೇ ಹೊರಡಲು ರಜೆ ಸೇರಿಸಿಕೊಳ್ಳಬಹುದೇ?

ವಿರಾಜಪೇಟೆ: ಮೊದಲು ನಿಮ್ಮ ಸೂಚನಾ ಪತ್ರ ಇ-ಮೇಲ್‌ನಲ್ಲಿ ಹೋಗಲಿ, ಫಾರಂ ಆಮೇಲೆ. ಫಾರಂನ ಫೋಟೊ ಇಲ್ಲಿ ಹಾಕಿ, ಕಾರಣದ ಕಲಂನಲ್ಲಿ ಏನೇನು ಆಯ್ಕೆಗಳಿವೆ ನೋಡೋಣ. ಅವಧಿ ಮುಗಿದದ್ದು ಎಂಬ ಆಯ್ಕೆ ಇದ್ದರೆ ಅದೇ ಸಾಕು. ಇಲ್ಲದಿದ್ದರೆ ಫಾರಂಗೆ ಸಹಿ ಹಾಕುವ ಮುಂಚೆ ಅವರ ನಿರಾಕರಣೆಯನ್ನು ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ. ರಜೆಯನ್ನು ಕೊನೆಯ ತಿಂಗಳಿಗೆ ಹೊಂದಿಸುವುದು ಕಂಪನಿಯ ಒಪ್ಪಿಗೆಗೆ ಬಿಟ್ಟದ್ದು. ಒಪ್ಪಿದರೆ ಬರಹದಲ್ಲಿ ಪಡೆಯಿರಿ, ಆ ಕಾಗದದಲ್ಲೂ ಕೆಲಸ ಮುಗಿಯುವ ದಿನ ಜನವರಿ 14 ಎಂದೇ ಇರಲಿ. ಒಪ್ಪದಿದ್ದರೆ ಕುಯ್ಲಿನ ಮೊದಲ ವಾರಗಳಿಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಿ.

ಸಿದ್ದಾಪುರ: ರೊಬಸ್ಟಾ ಮಾರ್ಚ್‌ವರೆಗೂ ಇರುತ್ತದೆ ಅಣ್ಣ. ನಿಮ್ಮ ಕಡೆ ಕೆಲಸದವರು ಬೇಕಿದ್ದರೆ ನನಗೆ ತಿಳಿಸಿ.