[ಪದಚರ್ಚೆ] ‘ಪೇಷಂಟ್ ಸರೌಂಡಿಂಗ್ಸ್’ಗೆ ಕನ್ನಡ ಪದ ಬೇಕು, ನಾಳೆ ಬೆಳಿಗ್ಗೆ ಒಳಗೆ

ಇನ್‌ಚಾರ್ಜ್ ಸಿಸ್ಟರ್: ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಹ್ಯಾಂಡೋವರ್ ಟೈಮಲ್ಲಿ ನಮ್ಮ ವಾರ್ಡಿನ ಸ್ಟಾಫ್‌ಗೆ ಕೈ ಶುಚಿ ಬಗ್ಗೆ ಮಾತಾಡ್ಬೇಕು. ನಾಲ್ಕು ನಿಮಿಷದ ಒಳಗೆ ಮುಗಿಸ್ಬೇಕು, ನೈಟ್ ಡ್ಯೂಟಿಯವರು ಬಸ್ಸಿಗೆ ಓಡೋ ಹೊತ್ತು ಅದು. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಐದು ಸಂದರ್ಭಗಳಲ್ಲಿ ಮೊದಲ ನಾಲ್ಕು ಎಲ್ಲರಿಗೂ ಬಾಯಿಪಾಠ, ತಪ್ಪಿ ಹೋಗೋದು ಐದನೇದು, ಅಂದ್ರೆ ರೋಗೀನ ಮುಟ್ಟದೇ ಇದ್ರೂ ಅವರ ಸರೌಂಡಿಂಗ್ಸ್ ಮುಟ್ಟಿದ ಮೇಲೆ ಕೈ ಶುಚಿ ಮಾಡೋದು. ನಮ್ಮ ಪೋಸ್ಟರಲ್ಲಿ ‘ರೋಗಿಯ ಪರಿಸರ’ ಅಂತಿದೆ, ಅದನ್ನ ಓದಿದವರಿಗೆ ಗಿಡ ನೆಡೋದು ನೆನಪಾಗುತ್ತೆ. ಬೇರೆ ಪದ ಇದ್ರೆ ಹೇಳಿ.

ಹಳೇಮೇಷ್ಟ್ರು: ಪದ ಸರಿಯಾಗೇ ಇದೆ. ಸಂಸ್ಕೃತದಲ್ಲಿ ‘ಪರಿಸರ’ ಅಂದ್ರೆ ಹತ್ತಿರದ ಜಾಗ, ಆಸುಪಾಸು, ನದೀಪರಿಸರ ಅಂದ್ರೆ ನದಿಯ ಪಕ್ಕದ ನೆಲ. ಮರಗಿಡದ ಅರ್ಥ ಆಮೇಲೆ ಅಂಟಿಕೊಂಡದ್ದು. ಓದುಗರಿಗೆ ತಿಳಿಯದಿದ್ರೆ ತಿಳಿಸಿ, ಪದ ಬದಲಿಸೋದು ಸೋಮಾರಿತನ.

ನುಡಿಗ: ಮತ್ತೆ ಸಂಸ್ಕೃತ. ‘ರೋಗಿಯ ಎಡೆ’ ಅನ್ನಿ. ಎಡೆ ಅಂದ್ರೆ ಜಾಗ, ಅಚ್ಚಗನ್ನಡ, ಎರಡಕ್ಷರ, ಪೋಸ್ಟರಿಗೂ ಹಿಡಿಸುತ್ತೆ.

ಐಸಿಯು ಸಿಸ್ಟರ್: ನುಡಿಗ ಸರ್, ಪಿತೃಪಕ್ಷದಲ್ಲಿ ಎಡೆ ಇಡೋದು ಯಾರಿಗೆ ಅಂತ ಗೊತ್ತಲ್ವಾ? ಆ ಪದ ಬೆಡ್ ಪಕ್ಕ ಬರೆದ್ರೆ ಅಟೆಂಡರ್‌ಗಳು ನಮ್ಮನ್ನ ಬಿಡ್ತಾರಾ. ‘ಸುತ್ತಮುತ್ತ’ ಕೂಡ ಸಾಲಲ್ಲ ಮೇಡಂ, ಯಾಕಂದ್ರೆ ಪಕ್ಕದ ಬೆಡ್ಡೂ ಸುತ್ತಮುತ್ತಲೇ ಇರುತ್ತೆ, ಇಲ್ಲಿ ಗಡಿ ಬೇಕು. ಈ ರೋಗಿಯ ಬೆಡ್ಡು, ರೇಲಿಂಗು, ಬೆಡ್‌ಶೀಟು, ಲಾಕರು, ಡ್ರಿಪ್ ಟ್ಯೂಬು, ಮಾನಿಟರ್ ಬಟನ್ನು, ಇಷ್ಟು ಒಳಗೆ. ಪಕ್ಕದ ಬೆಡ್ಡಿಂದು ಇನ್ನೊಂದು ಲೋಕ.

ಒಂದು ಉದಾಹರಣೆ ಹೇಳಿ, ಎಲ್ಲರಿಗೂ ತಲೆಗೆ ಹೋಗುತ್ತೆ. ಆರನೇ ಬೆಡ್ಡಿನ ಸಿರಿಂಜ್ ಪಂಪ್ ಕೂಗ್ತಾ ಇದೆ, ಸ್ಟಾಫ್ ಹೋಗಿ ಬಟನ್ ಒತ್ತಿ ನಿಲ್ಲಿಸ್ತಾರೆ, ರೋಗಿನ ಮುಟ್ಟಿಲ್ಲ, ಗ್ಲೌಸ್ ಇಲ್ಲ, ಕೈ ಕೊಳೆ ಆಗಿಲ್ಲ ಅಂತ ಮನಸ್ಸಿಗೆ ಅನ್ಸುತ್ತೆ. ಅಷ್ಟರಲ್ಲಿ ಏಳನೇ ಬೆಡ್ಡಿನವರು ಕ್ಯಾನುಲಾ ನೋಯ್ತಿದೆ ಅಂತ ಕರೀತಾರೆ, ಹೋಗಿ ಪ್ಲಾಸ್ಟರ್ ಸರಿ ಮಾಡ್ತಾರೆ. ಆರರ ರೋಗಿ ಮೈಮೇಲಿದ್ದ ಕ್ರಿಮಿ ಪಂಪಿಗೆ ಬಂದಿತ್ತು, ಈಗ ಏಳರ ಸೂಜಿ ಬಾಯಿಗೆ ಹೋಯ್ತು. ನಡುವೆ ಒಂದು ಸಲ ಕೈಗೆ ರಬ್ ಹಾಕಿದ್ರೆ ಆರರ ಐದನೇ ಸಂದರ್ಭಾನೂ ಆಯ್ತು, ರೋಗೀನ ಮುಟ್ಟೋ ಮುಂಚೆ ಅನ್ನೋ ಏಳರ ಮೊದಲನೇದೂ ಆಯ್ತು.

ಹೋಟೆಲ್_ಮಾಲೀಕ: ನಮ್ಮ ಹೋಟೆಲಲ್ಲಿ ‘ಕೈ ತೊಳೆಯುವ ಸ್ಥಳ’ ಅಂತ ಬರೆಸಿದೀವಿ, ಯಾರೂ ಕೇಳಿಲ್ಲ ಏನರ್ಥ ಅಂತ. ಅದನ್ನೇ ಹಾಕಿ.

ಇನ್‌ಚಾರ್ಜ್ ಸಿಸ್ಟರ್: ಸರ್ ನಾನು ಕೇಳಿದ್ದು ಸಿಂಕ್ ಬೋರ್ಡಿಗಲ್ಲ.

ಫಾರ್ಮಾ ಹುಡುಗ: ‘ತೊಳೆ’ ಅನ್ನೋ ಪದಾನೇ ತೆಗೀರಿ ಮೇಡಂ, ಈಗೆಲ್ಲ ಸ್ಪಿರಿಟ್ ರಬ್, ‘ಕೈ ಉಜ್ಜಿ’ ಅಂತ ಬರೆದ್ರೆ ಸಾಕು, ರಬ್ಬಿಗೆ ಎಲ್ಲಾ ಕ್ರಿಮಿ ಸಾಯುತ್ತೆ.

ಐಸಿಯು ಸಿಸ್ಟರ್: ಅರ್ಧ ಸರಿ. ಪಂಪ್ ಮುಟ್ಟಿದ್ದಕ್ಕೆ ರಬ್ ಸಾಕು, ಬೇಗಾನೂ ಆಗುತ್ತೆ, 20ರಿಂದ 30 ಸೆಕೆಂಡು. ಆದ್ರೆ ಕೈ ಮೇಲೆ ರಕ್ತ, ಮಲ ಕಾಣ್ತಾ ಇದ್ರೆ ಸೋಪು ನೀರೇ ಬೇಕು, ಅದಕ್ಕೆ ಪೂರ್ತಿ 40ರಿಂದ 60 ಸೆಕೆಂಡು. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಭೇದಿ ಇದ್ದ ರೋಗಿ ಆದ್ರೂ ಸೋಪೇ, ಅದರ ಬೀಜಕಣ ಸ್ಪಿರಿಟ್ಟಿಗೆ ಸಾಯಲ್ಲ, ಉಜ್ಜಿ ನೀರಲ್ಲಿ ಹರಿಸಿ ಬಿಡ್ಬೇಕು. ಅದಕ್ಕೆ ‘ಉಜ್ಜಿ’, ‘ತೊಳೆಯಿರಿ’ ಎರಡೂ ಬೇರೆ ಬೇರೆ ಇರಲಿ, ಬೆರೆಸ್ಬೇಡಿ. ಮಾತಾಡೋವಾಗ ರಬ್ ಹಾಕಿಯೇ ತೋರಿಸಿ, ಅಂಗೈ ತುಂಬ ತಗೊಂಡು ಒಣಗೋವರೆಗೆ. ಹೆಬ್ಬೆರಳು, ಬೆರಳ ತುದಿ ಎಲ್ಲರೂ ಬಿಡ್ತಾರೆ, ಪಂಪ್ ಬಟನ್ ಒತ್ತೋದು ಆ ತುದಿಯಿಂದಲೇ.

ನುಡಿಗ: ‘ಸೋಪು’ ಯಾಕೆ? ಸಾಬೂನು ಇದೆಯಲ್ಲ.

ಹಳೇಮೇಷ್ಟ್ರು: ಸಾಬೂನು ಮಾತ್ರ ನಿಮ್ಮಜ್ಜಿ ಮನೇದಾ? ಅದೂ ಕಡಲಾಚೆಯಿಂದ ಬಂದದ್ದೇ.

ನುಡಿಗ: ಬಂದು ಎಷ್ಟು ಕಾಲವಾಯ್ತು. ನೆನ್ನೆ ಬಂದದ್ದಕ್ಕೂ ಅದಕ್ಕೂ ವ್ಯತ್ಯಾಸ ಇದೆ.

ಇನ್‌ಚಾರ್ಜ್ ಸಿಸ್ಟರ್: ಐಸಿಯು ಮೇಡಂ, ಥ್ಯಾಂಕ್ಸ್. ಒಂದೇ ಪದ ಹುಡುಕೋದು ಬಿಡ್ತೀನಿ, ‘ರೋಗಿಯನ್ನು ಮುಟ್ಟದಿದ್ದರೂ ಅವರ ಬೆಡ್, ಪಂಪ್, ಲಾಕರ್ ಮುಟ್ಟಿದ ಮೇಲೆ’ ಅಂತ ಬರೀತೀನಿ. ಆರು-ಏಳನೇ ಬೆಡ್ ಕಥೆ ಒಂದೂವರೆ ನಿಮಿಷ, ರಬ್ ತೋರಿಸೋಕೆ ಅರ್ಧ ನಿಮಿಷ, ಉಳಿದದ್ದು ಪ್ರಶ್ನೆಗೆ. ಒಂದು ಡೌಟು, ನಮ್ಮಲ್ಲಿ ಕೇಸ್ ಶೀಟ್ ಬೆಡ್ ಕಾಲಿಗೆ ನೇತು ಹಾಕಿರ್ತಾರೆ, ಆಮೇಲೆ ಕೌಂಟರಿಗೆ ತರ್ತಾರೆ. ಅದು ಗಡಿ ಒಳಗೋ ಹೊರಗೋ?

ಐಸಿಯು ಸಿಸ್ಟರ್: ಬೆಡ್ಡಲ್ಲಿ ಇರೋವಾಗ ಒಳಗೆ ಅಂತ ನಾವು ತಗೋತೀವಿ. ಕೌಂಟರಿಗೆ ಹೋದ್ಮೇಲೆ ಏನು ಅಂತ ನಮ್ಮಲ್ಲೂ ಜಗಳ ಇದೆ. ಓಡಾಡೋ ಫೈಲು ಅದು, ಬೆಡ್ಡಿಗೆ ಕಟ್ಟೋದೇ ಬೇಡ ಅನ್ನೋದು ನನ್ನ ಮಾತು.

ಹಳೇಮೇಷ್ಟ್ರು: ‘ಬೆಡ್’ ಬದಲು ‘ಮಂಚ’ ಅಂತ ಬರೀರಿ.